ಒಟ್ಟು ದೊಡ್ಡದು, ಪಾಲು ಎಷ್ಟು?

ಪ್ರಶ್ನೆ: ಸರ್, ನಾನು ಕಾಸರಗೋಡಿನಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೇನೆ. ಮುಂದಿನ ತಿಂಗಳು ನಮ್ಮ ಅರ್ಥಶಾಸ್ತ್ರ ಕ್ಲಬ್ಬಿನಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ಭಾಷಣ ಮಾಡಬೇಕು. ದೇಶಗಳನ್ನು ಹೋಲಿಸುವಾಗ ಒಟ್ಟು ಉತ್ಪನ್ನ ಬಿಟ್ಟು ತಲಾ ಆದಾಯವನ್ನೇ ಯಾಕೆ ನೋಡುತ್ತಾರೆ ಎಂಬುದು ವಿಷಯ. ‘ಜನಸಂಖ್ಯೆಯಿಂದ ಭಾಗಿಸುತ್ತಾರೆ’ ಅಂದುಬಿಟ್ಟರೆ ಒಂದೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಉಳಿದ ಒಂಬತ್ತು ನಿಮಿಷ ಏನು ಹೇಳಲಿ? ನಮ್ಮಲ್ಲಿ ಎಷ್ಟೋ ಮನೆಗಳು ಗಲ್ಫ್ ಹಣದಲ್ಲಿ ನಡೆಯುತ್ತವೆ. ಆ ಹಣ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಉತ್ತರ: ಆ ಒಂದು ಭಾಗಾಕಾರವನ್ನೇ ಹತ್ತು ನಿಮಿಷಕ್ಕೆ ಹಿಗ್ಗಿಸಿ. ಗೆರೆಯ ಮೇಲೆ ಯಾವ ಸಂಖ್ಯೆ ಇಡುತ್ತೇವೆ, ಕೆಳಗೆ ಯಾರನ್ನು ಎಣಿಸುತ್ತೇವೆ, ಬಂದ ಉತ್ತರವನ್ನು ಯಾವ ಬೆಲೆಯಲ್ಲಿ ಓದುತ್ತೇವೆ ಎನ್ನುವುದರಲ್ಲಿಯೇ ವಿಷಯವೆಲ್ಲ ಅಡಗಿದೆ. ಎರಡು ಮನೆಗಳ ಆದಾಯ, ಊಟಕ್ಕೆ ಕೂರುವವರ ತಲೆಲೆಕ್ಕ ಎಂಬ ಪಠ್ಯಪುಸ್ತಕದ ಉದಾಹರಣೆಯಿಂದ ಶುರು ಮಾಡಬೇಡಿ. ಅದನ್ನು ಸಭೆಯಲ್ಲಿರುವ ಎಲ್ಲರೂ ಹತ್ತನೇ ತರಗತಿಯಲ್ಲೇ ಓದಿದ್ದಾರೆ. ನೇರವಾಗಿ ಬೋರ್ಡಿನ ಮೇಲೆ ಭಾರತ, ಬ್ರಿಟನ್ ಎಂದು ಎರಡು ಹೆಸರು ಬರೆಯಿರಿ.

2023ರಲ್ಲಿ ಭಾರತದ ಒಟ್ಟು ದೇಶೀಯ ಉತ್ಪನ್ನ, ಅಂದರೆ ಜಿಡಿಪಿ, ಸುಮಾರು 3.6 ಲಕ್ಷ ಕೋಟಿ ಡಾಲರ್. ಬ್ರಿಟನ್ನಿನದು ಸುಮಾರು 3.4 ಲಕ್ಷ ಕೋಟಿ ಡಾಲರ್. ಪತ್ರಿಕೆಗಳಲ್ಲಿ ಬರುವ ಟ್ರಿಲಿಯನ್ ಎಂದರೆ ನಮ್ಮ ಲಕ್ಷ ಕೋಟಿಯೇ, ಆದ್ದರಿಂದ ಕನ್ನಡದಲ್ಲಿ ಈ ಲೆಕ್ಕ ಇಂಗ್ಲಿಷಿಗಿಂತ ಸುಲಭ. ಇಲ್ಲಿಗೆ ನಿಲ್ಲಿಸಿ ‘ಯಾರು ಮುಂದೆ?’ ಎಂದು ಕೇಳಿ. ಭಾರತ ಎನ್ನುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಈಗ ಕೆಳಗೆ ಗೆರೆ ಎಳೆದು ಜನಸಂಖ್ಯೆ ಬರೆಯಿರಿ: ಭಾರತ ಸುಮಾರು 143 ಕೋಟಿ, ಬ್ರಿಟನ್ ಸುಮಾರು 6.8 ಕೋಟಿ. ಮೇಲಿನ ಕೋಟಿಗೂ ಕೆಳಗಿನ ಕೋಟಿಗೂ ವಜಾ ಆಗುತ್ತದೆ. ಉಳಿಯುವುದು 3,60,000ವನ್ನು 143ರಿಂದ ಭಾಗಿಸುವುದು ಮತ್ತು 3,40,000ವನ್ನು 6.8ರಿಂದ ಭಾಗಿಸುವುದು. ಮೊದಲನೆಯದಕ್ಕೆ ಸುಮಾರು 2,500 ಡಾಲರ್, ಎರಡನೆಯದಕ್ಕೆ 50,000 ಡಾಲರ್. ಒಟ್ಟಿನಲ್ಲಿ ನಾವು ಸ್ವಲ್ಪ ಮುಂದೆ, ತಲೆಗೆ ಹಂಚಿದರೆ ಅವರು ನಮ್ಮ 20 ಪಟ್ಟು. ಎರಡೂ ಸತ್ಯ, ಆದರೆ ಎರಡೂ ಒಂದೇ ಪ್ರಶ್ನೆಗೆ ಉತ್ತರವಲ್ಲ.

ಒಟ್ಟು ಉತ್ಪನ್ನ ಹೇಳುವುದು ದೇಶದ ಗಾತ್ರವನ್ನು: ಮಾರುಕಟ್ಟೆ ಎಷ್ಟು ದೊಡ್ಡದು, ಸೈನ್ಯ ಸಾಕುವ, ದೊಡ್ಡ ಯೋಜನೆಗಳಿಗೆ ಕೈಹಾಕುವ ಶಕ್ತಿ ಎಷ್ಟು ಎಂಬುದನ್ನು. ಅದಕ್ಕೂ ಬೆಲೆ ಇದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ದೇಶಗಳ ಪಾಲು ಲೆಕ್ಕ ಹಾಕುವ ಸೂತ್ರದಲ್ಲಿ ಜಿಡಿಪಿಗೆ ಶೇ 50ರಷ್ಟು ತೂಕ ಕೊಟ್ಟಿದ್ದಾರೆ. ಅಲ್ಲಿ ಕೇಳುವುದು ‘ನಿನ್ನ ಭಾರ ಎಷ್ಟು?’ ಎಂದು. ‘ನಿನ್ನ ಜನ ಹೇಗಿದ್ದಾರೆ?’ ಎಂದು ಕೇಳಬೇಕಾದಾಗ ಭಾಗಾಕಾರ ಬೇಕಾಗುತ್ತದೆ. ವಿಶ್ವಬ್ಯಾಂಕು ಪ್ರತಿ ವರ್ಷ ಜುಲೈ 1ರಂದು ದೇಶಗಳನ್ನು ಕಡಿಮೆ, ಕೆಳ ಮಧ್ಯಮ, ಮೇಲ್ ಮಧ್ಯಮ, ಹೆಚ್ಚು ಆದಾಯ ಎಂದು ನಾಲ್ಕು ಗುಂಪು ಮಾಡುವುದು ತಲಾ ರಾಷ್ಟ್ರೀಯ ಆದಾಯದ ಮೇಲೆಯೇ. 2023ರ ಆದಾಯ ಹಿಡಿದು 2024ರಲ್ಲಿ ಎಳೆದ ಗೆರೆಗಳು ಹೀಗಿದ್ದವು: 1,145 ಡಾಲರ್‌ವರೆಗೆ ಕಡಿಮೆ, 4,515ರವರೆಗೆ ಕೆಳ ಮಧ್ಯಮ, 14,005ರವರೆಗೆ ಮೇಲ್ ಮಧ್ಯಮ, ಅದರ ಮೇಲೆ ಹೆಚ್ಚು. ಒಟ್ಟು ಉತ್ಪನ್ನದಲ್ಲಿ ಜಗತ್ತಿಗೆ ಐದನೆಯದಾಗಿದ್ದ ಭಾರತ ಕೆಳ ಮಧ್ಯಮದಲ್ಲಿದೆ. ಎರಡನೆಯದಾದ ಚೀನಾ ಕೂಡ ಆಗ 14,005ರ ಗೆರೆ ದಾಟಿರಲಿಲ್ಲ. ಚೀನಾದ ಉದಾಹರಣೆಯನ್ನು ಕೈಯಲ್ಲಿ ಇಟ್ಟುಕೊಂಡಿರಿ, ಪ್ರಶ್ನೋತ್ತರದಲ್ಲಿ ಉಪಯೋಗಕ್ಕೆ ಬರುತ್ತದೆ.

ಈ ಪಟ್ಟಿಯನ್ನು ಬರೀ ಬಿರುದು ಅಂದುಕೊಳ್ಳಬೇಡಿ. ವಿಶ್ವಬ್ಯಾಂಕಿನ ಅಗ್ಗದ ಸಾಲ ಕೊಡುವ ವಿಭಾಗದ ಬಾಗಿಲು ತಲಾ ಆದಾಯ ಒಂದು ಮಿತಿ ದಾಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ಭಾರತ ಹಾಗೆ 2014ರಲ್ಲಿ ಅದರಿಂದ ಹೊರಬಂತು. ವಿಶ್ವಸಂಸ್ಥೆಗೆ ದೇಶಗಳು ಕಟ್ಟುವ ಚಂದಾದಲ್ಲೂ ತಲಾ ಆದಾಯ ಕಡಿಮೆ ಇರುವವರಿಗೆ ರಿಯಾಯಿತಿ ಇದೆ.

ಭಾಗಾಕಾರವೇನೂ ಹೊಸತಲ್ಲ. ದಾದಾಭಾಯಿ ನವರೋಜಿ 1870ರ ದಶಕದಲ್ಲಿ ಇದನ್ನೇ ಮಾಡಿದರು, ಅದೂ ಸರ್ಕಾರದ್ದೇ ವರದಿಗಳನ್ನು ಮುಂದಿಟ್ಟುಕೊಂಡು. ಒಂದೊಂದು ಪ್ರಾಂತ್ಯದಲ್ಲಿ ಎಷ್ಟು ಎಕರೆ ಸಾಗುವಳಿ, ಎಕರೆಗೆ ಎಷ್ಟು ಬೆಳೆ, ಬೆಳೆಗೆ ಏನು ಬೆಲೆ ಎಂದು ಗುಣಿಸಿ ಕೂಡಿಸಿದರು. ಅದರಲ್ಲಿ ಬಿತ್ತನೆಗೆಂದು ಶೇ 6 ಕಳೆದರು. ಉಪ್ಪು, ಗಣಿ, ಕೈಗಾರಿಕೆ, ಹಾಲು, ಮೀನುಗಳ ಲೆಕ್ಕ ಸೇರಿಸಿದರು. ಬಿಟ್ಟುಹೋಗಿರಬಹುದಾದದ್ದಕ್ಕೆ ಧಾರಾಳವಾಗಿ ಇನ್ನಷ್ಟು ಕೂಡಿಸಿದರು. ಒಟ್ಟು 34 ಕೋಟಿ ಪೌಂಡ್, ಆಗಿನ ಹತ್ತು ರೂಪಾಯಿಗೊಂದು ಪೌಂಡಿನ ಲೆಕ್ಕದಲ್ಲಿ 340 ಕೋಟಿ ರೂಪಾಯಿ. ಬ್ರಿಟಿಷ್ ಇಂಡಿಯಾದ ಜನ 17 ಕೋಟಿ. ಭಾಗಿಸಿದರೆ 1867–68ರಲ್ಲಿ ತಲೆಗೆ ವರ್ಷಕ್ಕೆ 20 ರೂಪಾಯಿ. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಅಲ್ಲಿನ ಭತ್ತ, ತೆಂಗು ಕೂಡ ಆ ಮೊತ್ತದೊಳಗೇ ಇರಬೇಕು.

ನವರೋಜಿಯವರ ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. 340 ಕೋಟಿ ಎಂದು ಬಿಟ್ಟಿದ್ದರೆ ‘ಎಷ್ಟು ಸಂಪದ್ಭರಿತ ವಸಾಹತು’ ಎಂದು ಲಂಡನ್ನಿನವರು ಕೊಚ್ಚಿಕೊಳ್ಳುತ್ತಿದ್ದರು. 20 ರೂಪಾಯಿ ಎಂದಾಗ ಅದನ್ನು ಇನ್ನೊಂದು ತಲಾ ಸಂಖ್ಯೆಯ ಪಕ್ಕದಲ್ಲಿ ಇಡಬಹುದಾಯಿತು. ಅವರು ಇಟ್ಟದ್ದು ಸರ್ಕಾರ ಜೈಲಿನಲ್ಲಿ ಒಬ್ಬ ಕೈದಿಯ ಊಟ, ಬಟ್ಟೆಗೆ ಮಾಡುತ್ತಿದ್ದ ಖರ್ಚನ್ನು. ಹೊರಗಿದ್ದವನ ಸರಾಸರಿ ಆದಾಯ ಒಳಗಿದ್ದವನ ಖರ್ಚಿಗಿಂತ ಕಡಿಮೆ ಬಂತು. ಒಟ್ಟು ಉತ್ಪನ್ನವನ್ನು ಕೈದಿಯ ಊಟದ ಪಕ್ಕ ಇಡಲು ಸಾಧ್ಯವೇ ಇಲ್ಲ, ತಲಾ ಆದಾಯವನ್ನು ಇಡಬಹುದು. ನಿಮ್ಮ ಭಾಷಣದ ಮೂಲ ವಾದ ಇದೇ. ಮನುಷ್ಯನ ಬದುಕಿನ ಅಳತೆಗೆ ಇಳಿದ ಸಂಖ್ಯೆಯನ್ನು ಮಾತ್ರ ಬದುಕಿನ ಖರ್ಚಿನ ಜೊತೆ ಹೋಲಿಸಲು ಬರುತ್ತದೆ. ಇದಕ್ಕೆ ಎರಡು ನಿಮಿಷ ಪೂರ್ತಿ ಕೊಡಿ.

ಬೆಳವಣಿಗೆಯ ವೇಗದಲ್ಲೂ ಒಟ್ಟು ಲೆಕ್ಕ ಹೀಗೆಯೇ ಮೋಸ ಮಾಡುತ್ತದೆ. ಸ್ವಾತಂತ್ರ್ಯಾನಂತರದ ಮೊದಲ ಮೂರು ದಶಕ ಭಾರತದ ಒಟ್ಟು ಉತ್ಪನ್ನ ವರ್ಷಕ್ಕೆ ಸರಾಸರಿ ಶೇ 3.5ರಷ್ಟು ಬೆಳೆಯಿತು. ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ಅದಕ್ಕೆ ‘ಹಿಂದೂ ಬೆಳವಣಿಗೆ ದರ’ ಎಂದು ಹೆಸರಿಟ್ಟದ್ದು ನಿಮಗೆ ಗೊತ್ತಿರುತ್ತದೆ. ಅದೇ ಹೊತ್ತಿನಲ್ಲಿ ಜನಸಂಖ್ಯೆ ಶೇ 2.2ರ ಸುಮಾರಿಗೆ ಏರುತ್ತಿತ್ತು. ಕಳೆದರೆ ತಲೆಗೆ ಸಿಕ್ಕ ಏರಿಕೆ ಶೇ 1.3. ಈಗ 70ನ್ನು ದರದಿಂದ ಭಾಗಿಸಿ, ದ್ವಿಗುಣವಾಗಲು ಬೇಕಾದ ವರ್ಷ ಸಿಗುತ್ತದೆ. ಶೇ 3.5ರಲ್ಲಿ 20 ವರ್ಷ, ಶೇ 1.3ರಲ್ಲಿ 54 ವರ್ಷ. ದೇಶದ ಉತ್ಪನ್ನ ಒಂದು ತಲೆಮಾರಿನೊಳಗೆ ಎರಡರಷ್ಟಾಯಿತು ಎಂದು ಯೋಜನಾ ದಾಖಲೆ ಹೆಮ್ಮೆಪಡುತ್ತಿದ್ದಾಗ, ತಲಾ ಆದಾಯ ಎರಡರಷ್ಟಾಗಲು ಎರಡು ತಲೆಮಾರು ಕಾಯಬೇಕಿತ್ತು.

ಇನ್ನು ಗೆರೆಯ ಮೇಲಿನ ಸಂಖ್ಯೆ. ನಿಮ್ಮ ವಿಷಯದಲ್ಲಿ ಒಂದು ಕಡೆ ‘ಉತ್ಪನ್ನ’, ಇನ್ನೊಂದು ಕಡೆ ‘ಆದಾಯ’ ಎಂದಿದೆ. ಇದು ಬರಿಯ ಮಾತಿನ ವ್ಯತ್ಯಾಸವಲ್ಲ. ದೇಶದ ಗಡಿಯೊಳಗೆ ಆದ ಉತ್ಪಾದನೆ ಜಿಡಿಪಿ. ಅದರಲ್ಲಿ ವಿದೇಶಿ ಕಂಪೆನಿಗಳಿಗೆ, ಸಾಲ ಕೊಟ್ಟವರಿಗೆ ಹೊರಗೆ ಹೋಗುವ ಲಾಭ, ಬಡ್ಡಿ ಕಳೆದು, ನಮ್ಮ ನಿವಾಸಿಗಳು ಹೊರಗಿನಿಂದ ಗಳಿಸಿದ್ದನ್ನು ಕೂಡಿಸಿದರೆ ಒಟ್ಟು ರಾಷ್ಟ್ರೀಯ ಆದಾಯ, ಜಿಎನ್‌ಐ. ವಿಶ್ವಬ್ಯಾಂಕಿನ ಪಟ್ಟಿ ನಿಂತಿರುವುದು ಎರಡನೆಯದರ ಮೇಲೆ. ಹೆಚ್ಚಿನ ದೇಶಗಳಲ್ಲಿ ಎರಡಕ್ಕೂ ಅಂತರ ಚಿಕ್ಕದು, ಭಾರತದಲ್ಲೂ ಅಷ್ಟೆ. ಆದರೆ ಐರ್ಲೆಂಡನ್ನು ನೋಡಿ. 2015ರಲ್ಲಿ ಆ ದೇಶದ ಜಿಡಿಪಿ ಒಂದೇ ವರ್ಷದಲ್ಲಿ ಶೇ 26 ಏರಿತು ಎಂದು ಮೊದಲ ಲೆಕ್ಕ ಬಂತು. ಅಷ್ಟಾದರೂ ಜನರ ಸಂಬಳ ಏರಿರಲಿಲ್ಲ, ಏಕಾಏಕಿ ಕಾರ್ಖಾನೆಗಳೂ ಎದ್ದಿರಲಿಲ್ಲ. ಬಹುರಾಷ್ಟ್ರೀಯ ಕಂಪೆನಿಗಳು ತೆರಿಗೆಯ ಅನುಕೂಲಕ್ಕೆ ತಮ್ಮ ಪೇಟೆಂಟು, ಸಾಫ್ಟ್‌ವೇರು ಹಕ್ಕುಗಳ ಒಡೆತನವನ್ನು ಅಲ್ಲಿನ ಶಾಖೆಗಳ ಪುಸ್ತಕಕ್ಕೆ ವರ್ಗಾಯಿಸಿದ್ದವು. ಇದರಿಂದ ಸಾಮಾನ್ಯ ಜಿಎನ್‌ಐ ಕೂಡ ಉಬ್ಬಿತು. ಕೊನೆಗೆ ಅಲ್ಲಿನ ಕೇಂದ್ರ ಅಂಕಿಅಂಶ ಕಚೇರಿ ಇಂಥದ್ದನ್ನೆಲ್ಲ ತೆಗೆದ ‘ಪರಿಷ್ಕೃತ ಜಿಎನ್‌ಐ’ ಎಂಬ ಬೇರೆಯೇ ಲೆಕ್ಕ ಶುರು ಮಾಡಿತು. ಈಚಿನ ವರ್ಷಗಳಲ್ಲಿ ಅದು ಜಿಡಿಪಿಯ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಪಟ್ಟಿಯಲ್ಲಿ ಐರ್ಲೆಂಡಿನ ತಲಾ ಜಿಡಿಪಿ ಕಂಡು ಬೆರಗಾಗುವವರಿಗೆ ಈ ಒಂದು ಮಾತು ಸಾಕು. ಭಾಗಿಸುವುದರಿಂದ ಮಾತ್ರ ಲೆಕ್ಕ ಸರಿಹೋಗುವುದಿಲ್ಲ, ಭಾಗಿಸುವ ಮೊತ್ತ ನಿಜವಾಗಿ ಆ ಜನರದ್ದೇ ಆಗಿರಬೇಕು.

ಈಗ ನೀವು ನಿರೀಕ್ಷಿಸಿರುವ ಗಲ್ಫ್ ಪ್ರಶ್ನೆಗೆ ಬರೋಣ. ಕಾಸರಗೋಡಿನ ಸಭೆಯಲ್ಲಿ ಇದನ್ನು ಪ್ರಶ್ನೋತ್ತರಕ್ಕೆ ಬಿಡಬೇಡಿ, ಭಾಷಣದ ನಡುವೆಯೇ ಇಡಿ.

ಉಪ್ಪಳದ ಒಬ್ಬರು ದುಬೈಯ ಅಂಗಡಿಯೊಂದರಲ್ಲಿ ಐದು ವರ್ಷದಿಂದ ಕೆಲಸದಲ್ಲಿದ್ದಾರೆ ಎಂದುಕೊಳ್ಳಿ. ತಿಂಗಳಿಗೆ ಸಂಬಳ 60,000 ರೂಪಾಯಿಯಷ್ಟು, ಅದರಲ್ಲಿ 35,000 ಊರಿಗೆ ಕಳಿಸುತ್ತಾರೆ. ರಾಷ್ಟ್ರೀಯ ಲೆಕ್ಕಪತ್ರದ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದುಕೊಂಡು ದುಡಿಯುವವರು ಆ ದೇಶದ ನಿವಾಸಿಗಳು. ಪಾಸ್‌ಪೋರ್ಟು ಯಾವುದು ಎನ್ನುವುದು ಮುಖ್ಯವಲ್ಲ. ಹಾಗಾಗಿ ಅವರ ದುಡಿಮೆ ಸೇರುವುದು ಯುಎಇಯ ಜಿಡಿಪಿಗೆ. ಅವರ ಪೂರ್ತಿ 60,000 ಸಂಬಳ ಸೇರುವುದೂ ಯುಎಇಯ ರಾಷ್ಟ್ರೀಯ ಆದಾಯಕ್ಕೇ. ಊರಿಗೆ ಬಂದ 35,000 ಭಾರತದ ಜಿಡಿಪಿಯಲ್ಲೂ ಇಲ್ಲ, ಜಿಎನ್‌ಐಯಲ್ಲೂ ಇಲ್ಲ. ಒಂದು ದೇಶದ ನಿವಾಸಿ ಇನ್ನೊಂದು ದೇಶದ ನಿವಾಸಿಗೆ ಏನನ್ನೂ ಪಡೆಯದೆ ಕೊಟ್ಟ ವರ್ಗಾವಣೆ ಅದು. ಲೆಕ್ಕಪತ್ರದಲ್ಲಿ ಇದು ಕಾಣಿಸಿಕೊಳ್ಳುವುದು ಜಿಎನ್‌ಐಯ ಮುಂದಿನ ಮೆಟ್ಟಿಲಾದ ಒಟ್ಟು ರಾಷ್ಟ್ರೀಯ ವಿನಿಯೋಗ್ಯ ಆದಾಯದಲ್ಲಿ, ಅಂದರೆ ದೇಶದವರ ಕೈಯಲ್ಲಿ ಖರ್ಚಿಗೋ ಉಳಿತಾಯಕ್ಕೋ ನಿಜವಾಗಿ ಸಿಗುವ ಮೊತ್ತದಲ್ಲಿ.

ಎಷ್ಟೋ ಅಧ್ಯಾಪಕರೂ ಇಲ್ಲಿ ಎಡವುತ್ತಾರೆ. ‘ಜಿಎನ್‌ಐಯಲ್ಲಿ ವಿದೇಶದ ಗಳಿಕೆ ಸೇರುತ್ತದಲ್ಲ, ಹಾಗಾದರೆ ಗಲ್ಫ್ ಹಣವೂ ಸೇರಿತು’ ಎನ್ನುತ್ತಾರೆ. ಸೇರುವುದು ನಮ್ಮ ನಿವಾಸಿಗಳ ಗಳಿಕೆ ಮಾತ್ರ. ಆರು ತಿಂಗಳ ಒಪ್ಪಂದದಲ್ಲಿ ಹೋಗಿ ಬರುವ ಮೆಕ್ಯಾನಿಕ್ಕಿನ ಸಂಬಳ ಜಿಎನ್‌ಐಗೆ ಸೇರುತ್ತದೆ. ಏಕೆಂದರೆ ಅವರು ಭಾರತದ ನಿವಾಸಿಯಾಗಿಯೇ ಉಳಿಯುತ್ತಾರೆ. ನಿಮ್ಮ ಉದುಮ ಕಡೆಯವರು ಮರ್ಚೆಂಟ್ ನೇವಿಯಲ್ಲಿ ವಿದೇಶಿ ಕಂಪೆನಿಯ ಹಡಗಿನಲ್ಲಿ ದುಡಿದರೂ ಮನೆ, ಸಂಸಾರ ಇಲ್ಲೇ ಇದ್ದು ರಜೆಗೆ ಇಲ್ಲಿಗೇ ಬರುವವರಾದರೆ ಅವರೂ ಇಲ್ಲಿನ ನಿವಾಸಿಗಳೇ. ಆ ಸಂಬಳ ಕೂಡ ನಿಯಮದ ಪ್ರಕಾರ ಜಿಎನ್‌ಐಗೆ ಸೇರಬೇಕು. ಒಂದೇ ಬೀದಿಯ ಎರಡು ಮನೆಗೆ ಬ್ಯಾಂಕಿನಲ್ಲಿ ಒಂದೇ ರೀತಿ ಹಣ ಬಂದರೂ ಒಂದು ಮನೆಯದು ರಾಷ್ಟ್ರೀಯ ಆದಾಯ, ಇನ್ನೊಂದು ಮನೆಯದು ವರ್ಗಾವಣೆ.

ಹಾಗಂತ ಉಪ್ಪಳದ ಮನೆಗೆ ಬಂದ 35,000 ಗಾಳಿಗೆ ಹೋಗಲಿಲ್ಲ. ಆ ಹಣದಲ್ಲಿ ಮನೆ ಕಟ್ಟಿಸಿದರೆ ಕೆಂಪುಕಲ್ಲು ಕಡಿದವರ, ಗಾರೆ ಕೆಲಸದವರ, ಲಾರಿಯವರ ದುಡಿಮೆ ಭಾರತದ ಜಿಡಿಪಿಯಲ್ಲಿ ಬರುತ್ತದೆ. ಹಣ ಬಂದದ್ದು ಲೆಕ್ಕಕ್ಕಿಲ್ಲ, ಖರ್ಚಾದಾಗ ಇಲ್ಲಿ ಹುಟ್ಟಿದ ಕೆಲಸ ಲೆಕ್ಕಕ್ಕೆ ಬಂತು. ಅದೇ ಹಣದಲ್ಲಿ ಹೊರದೇಶದಿಂದ ಬಂದ ಟಿವಿ ಕೊಂಡರೆ ಅಂಗಡಿಯವನ ಲಾಭಾಂಶದಷ್ಟು ಮಾತ್ರ ಇಲ್ಲಿನ ಉತ್ಪನ್ನ.

ಗೆರೆಯ ಕೆಳಗೂ ಇದೇ ನಿಯಮ ನಡೆಯುತ್ತದೆ. ದುಬೈಯಲ್ಲಿರುವ ವ್ಯಕ್ತಿ ಯುಎಇಯ ಜನಸಂಖ್ಯೆಯಲ್ಲಿ ಎಣಿಕೆಯಾಗುತ್ತಾರೆ, ಭಾರತದ್ದರಲ್ಲಿ ಅಲ್ಲ. ಮೇಲಿನಿಂದ ಅವರ ದುಡಿಮೆಯನ್ನು ತೆಗೆದು ಕೆಳಗೆ ಅವರ ತಲೆ ಉಳಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಕತಾರಿನಂಥ ದೇಶದಲ್ಲಿ ಇದರ ಪರಿಣಾಮ ವಿಚಿತ್ರ. ಅಲ್ಲಿನ ಜನಸಂಖ್ಯೆಯಲ್ಲಿ ಬಹುಪಾಲು ಹೊರಗಿನಿಂದ ಹೋದ ಕೆಲಸಗಾರರೇ. ಅನಿಲದ ಆದಾಯವನ್ನು ಆ ಎಲ್ಲರ ತಲೆಗೂ ಹಂಚಿ ಬಂದ ಸರಾಸರಿ ಕತಾರಿ ನಾಗರಿಕನ ಸ್ಥಿತಿಯನ್ನೂ ಹೇಳುವುದಿಲ್ಲ, ಅಲ್ಲಿ ಕಟ್ಟಡ ಕೆಲಸ ಮಾಡುವ ನಿಮ್ಮ ಊರಿನವರ ಸ್ಥಿತಿಯನ್ನೂ ಹೇಳುವುದಿಲ್ಲ.

ತಲಪಾಡಿ ಗಡಿಯ ಈಚೆ ಆಚೆ ಇದನ್ನೇ ನೋಡಬಹುದು. ತಲಾ ರಾಜ್ಯ ಆದಾಯದಲ್ಲಿ ಕರ್ನಾಟಕ ಕೇರಳಕ್ಕಿಂತ ಮುಂದಿದೆ. ಆದರೆ 2022–23ರ ಕುಟುಂಬ ಖರ್ಚಿನ ಸಮೀಕ್ಷೆಯಲ್ಲಿ ಹಳ್ಳಿಗಳ ತಲಾ ಮಾಸಿಕ ಖರ್ಚು ಕೇರಳದಲ್ಲಿ ಸುಮಾರು 5,900 ರೂಪಾಯಿ, ಕರ್ನಾಟಕದಲ್ಲಿ ಸುಮಾರು 4,400. ಆದಾಯ ಕಡಿಮೆ ಇರುವ ಕಡೆ ಖರ್ಚು ಹೆಚ್ಚು ಹೇಗೆ? ಹೊರಗಿನಿಂದ ಬರುವ ಹಣ ರಾಜ್ಯ ಆದಾಯದ ಲೆಕ್ಕಕ್ಕೆ ಸಿಗದೆ ಖರ್ಚಿನಲ್ಲಿ ಸಿಗುತ್ತದೆ ಎನ್ನುವುದು ಒಂದು ಕಾರಣ. ಕರ್ನಾಟಕದ ಆದಾಯದ ದೊಡ್ಡ ಪಾಲು ಬೆಂಗಳೂರಿನಲ್ಲಿ ಗುಂಪುಗೂಡಿದೆ, ಅದು ಹಳ್ಳಿಯ ಖರ್ಚಿನಲ್ಲಿ ಕಾಣುವುದಿಲ್ಲ ಎನ್ನುವುದು ಇನ್ನೊಂದು. ನನ್ನನ್ನು ಕೇಳಿದರೆ ಇಡೀ ಭಾಷಣದಲ್ಲಿ ನಿಮ್ಮ ಕೇಳುಗರಿಗೆ ಮನೆಗೆ ಹೋದ ಮೇಲೂ ನೆನಪಿರುವುದು ಈ ಎರಡು ಸಂಖ್ಯೆಗಳೇ.

ಮೂರನೆಯದು ಬೆಲೆ. ಮೊದಲು ಬರೆದ 20 ಪಟ್ಟಿನ ಅಂತರವನ್ನು ಕೇಳಿ ಯಾರಾದರೂ ‘ಹಾಗಾದರೆ ಬ್ರಿಟನ್ನಿನವರು ನಮಗಿಂತ 20 ಪಟ್ಟು ಹೆಚ್ಚು ಉಣ್ಣುತ್ತಾರಾ?’ ಎಂದರೆ ಅದು ನ್ಯಾಯವಾದ ಪ್ರಶ್ನೆ. 2023ರಲ್ಲಿ ಡಾಲರಿಗೆ ಪೇಟೆಯಲ್ಲಿ ಸುಮಾರು 82 ರೂಪಾಯಿ. ಆದರೆ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು, ಸೇವೆ ಭಾರತದಲ್ಲಿ ಸರಾಸರಿ 20 ರೂಪಾಯಿ ಚಿಲ್ಲರೆಗೆ ಸಿಗುತ್ತದೆ. ಕ್ಷೌರ, ಬಸ್ಸು, ಮನೆಬಾಡಿಗೆ, ಟ್ಯೂಷನ್ ಹಡಗಿನಲ್ಲಿ ಹೋಗಿ ಬರುವಂಥವಲ್ಲ. ಅವುಗಳ ಬೆಲೆ ಸ್ಥಳೀಯ ಕೂಲಿಯ ಮೇಲೆ ನಿಲ್ಲುತ್ತದೆ, ಕೂಲಿ ಕಡಿಮೆ ಇರುವಲ್ಲಿ ಅವು ಅಗ್ಗ. ಇದನ್ನು ಸರಿದೂಗಿಸಲು ಹಲವು ದೇಶಗಳಲ್ಲಿ ಒಂದೇ ಬಗೆಯ ವಸ್ತುಗಳ ಬೆಲೆ ಸಂಗ್ರಹಿಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ 1968ರಲ್ಲಿ ಶುರುವಾಯಿತು. ಈಗ ಅದನ್ನು ವಿಶ್ವಬ್ಯಾಂಕು ನಡೆಸುತ್ತದೆ. ಅದರಿಂದ ಬರುವ ಕೊಳ್ಳುವ ಶಕ್ತಿಯ ಸಮಾನತೆ, ಅಂದರೆ ಪಿಪಿಪಿ, ಲೆಕ್ಕದಲ್ಲಿ 2023ರ ಭಾರತದ ತಲಾ ಜಿಡಿಪಿ ಸುಮಾರು 10,000 ಡಾಲರ್, ಬ್ರಿಟನ್ನಿನದು 58,000ದ ಆಸುಪಾಸು. ಅಂತರ 20ರಿಂದ ಆರು ಪಟ್ಟಿಗೆ ಇಳಿಯಿತು.

ಜನರ ಜೀವನಮಟ್ಟ ಹೋಲಿಸುವಾಗ ಪಿಪಿಪಿಯನ್ನೇ ಹಿಡಿಯಿರಿ. ಕಚ್ಚಾ ತೈಲ ಕೊಳ್ಳುವ, ವಿದೇಶಿ ಸಾಲ ತೀರಿಸುವ ಶಕ್ತಿ ಹೋಲಿಸುವಾಗ ಪೇಟೆಯ ದರವೇ ಬೇಕು, ಏಕೆಂದರೆ ತೈಲ ಮಾರುವವರು 20 ರೂಪಾಯಿಗೆ ಡಾಲರ್ ಒಪ್ಪಿಕೊಳ್ಳುವುದಿಲ್ಲ. ವಿಶ್ವಬ್ಯಾಂಕಿನ ನಾಲ್ಕು ಗುಂಪುಗಳ ಪಟ್ಟಿ ಪಿಪಿಪಿ ಬಳಸುವುದಿಲ್ಲ. ಹಣದುಬ್ಬರದ ವ್ಯತ್ಯಾಸಕ್ಕೆ ಹೊಂದಿಸಿದ ಮೂರು ವರ್ಷಗಳ ಸರಾಸರಿ ವಿನಿಮಯ ದರ ಬಳಸುತ್ತದೆ, ಅದಕ್ಕೆ ಅಟ್ಲಾಸ್ ವಿಧಾನ ಎನ್ನುತ್ತಾರೆ. ಒಂದು ವರ್ಷ ರೂಪಾಯಿ ಕುಸಿದ ಮಾತ್ರಕ್ಕೆ ದೇಶ ಒಂದು ಗುಂಪಿನಿಂದ ಇನ್ನೊಂದಕ್ಕೆ ಜಿಗಿಯಬಾರದು ಎಂದು ಈ ಏರ್ಪಾಡು.

ಸರಾಸರಿಯ ಮಿತಿಯನ್ನು ನೀವೇ ಎತ್ತಿ. ಎತ್ತದಿದ್ದರೆ ಸಭೆ ಎತ್ತುತ್ತದೆ. 2023–24ರಲ್ಲಿ ಭಾರತದ ಅಧಿಕೃತ ತಲಾ ಆದಾಯ ವರ್ಷಕ್ಕೆ 1.85 ಲಕ್ಷ ರೂಪಾಯಿಯ ಆಸುಪಾಸು. ತೊಟ್ಟಿಲ ಮಗುವಿಗೂ ಇಷ್ಟೇ ಪಾಲು, ಆದ್ದರಿಂದ ಐದು ಜನರ ಮನೆಗೆ 9.25 ಲಕ್ಷ, ತಿಂಗಳಿಗೆ 77,000. ‘ನಿಮ್ಮಲ್ಲಿ ಎಷ್ಟು ಮನೆಗೆ ಇಷ್ಟು ಬರುತ್ತದೆ?’ ಎಂದು ಕೇಳಿ ನೋಡಿ. ಏಳುವ ಗುಸುಗುಸುವಿಗೆ ಎರಡು ಉತ್ತರಗಳಿವೆ. ಈ ಮೊತ್ತ ಪೂರ್ತಿ ಮನೆಗಳಿಗೆ ಬರುವುದೇ ಇಲ್ಲ. ಕಂಪೆನಿಗಳು ಹಂಚದೆ ಇಟ್ಟುಕೊಂಡ ಲಾಭ, ಪರೋಕ್ಷ ತೆರಿಗೆಯಾಗಿ ಸರ್ಕಾರಕ್ಕೆ ಹೋಗುವ ಪಾಲು ಎಲ್ಲ ಇದರೊಳಗಿವೆ. ಇನ್ನು ಬಂದದ್ದೂ ಸಮನಾಗಿ ಬರುವುದಿಲ್ಲ. ಬೋರ್ಡಿನ ಮೇಲೆ ಐದು ಬೀಡಿ ಕಟ್ಟುವವರ, ಕೂಲಿಯವರ ತಿಂಗಳ ಆದಾಯ ಬರೆಯಿರಿ: 8,000, 9,000, 10,000, 11,000, 12,000. ಸರಾಸರಿ 10,000, ನಡುವಿನವರದೂ 10,000. ಕೊನೆಯ 12,000ವನ್ನು ಅಳಿಸಿ 1,12,000 ಬರೆಯಿರಿ. ಸರಾಸರಿ 30,000ಕ್ಕೆ ಏರುತ್ತದೆ, ನಡುವಿನವರು 10,000ದಲ್ಲೇ ನಿಂತಿರುತ್ತಾರೆ. ಸರಾಸರಿಯೂ ನಡುಬೆಲೆಯೂ, ಅಂದರೆ ಈ ನಡುವಿನವರ ಆದಾಯವೂ, ದೂರವಾದಷ್ಟೂ ತಲಾ ಆದಾಯ ಹೇಳುವುದು ಸಾಮಾನ್ಯರ ಕಥೆಯಲ್ಲ. ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಅಡಿಪಾಯ ಹಾಕಿದ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಮೆರಿಕದ ಸೆನೆಟ್ಟಿಗೆ ಕೊಟ್ಟ ವರದಿಯಲ್ಲಿ, ರಾಷ್ಟ್ರೀಯ ಆದಾಯದಿಂದ ಜನರ ಯೋಗಕ್ಷೇಮವನ್ನು ಊಹಿಸುವುದು ಕಷ್ಟ ಎಂದು ಎಚ್ಚರಿಸಿದ್ದರು.

ಆದರೆ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ‘ಹಾಗಾಗಿ ತಲಾ ಆದಾಯವೂ ಸುಳ್ಳು’ ಎಂದು ಮುಗಿಸುವುದು ಭಾಷಣಕಾರರ ಚಟ. ಬೇಡ. ಹಂಚಿಕೆಯ ದೋಷ ಒಟ್ಟು ಉತ್ಪನ್ನದಲ್ಲೂ ಅಷ್ಟೇ ಇದೆ, ಅದರಲ್ಲಿ ಜನಸಂಖ್ಯೆಯ ದೋಷವೂ ಸೇರಿಕೊಂಡಿದೆ. ಎರಡು ದೋಷಗಳಲ್ಲಿ ಒಂದನ್ನು ಭಾಗಾಕಾರ ತೆಗೆಯುತ್ತದೆ. ಇನ್ನೊಂದಕ್ಕೆ ನಡುಬೆಲೆ, ಶಿಶುಮರಣ, ಶಾಲೆ ಕಲಿತ ವರ್ಷಗಳಂಥ ಬೇರೆ ಅಳತೆ ಜೊತೆಗಿಡಬೇಕು. 1990ರಿಂದ ಬರುತ್ತಿರುವ ಮಾನವ ಅಭಿವೃದ್ಧಿ ಸೂಚ್ಯಂಕವೂ ತಲಾ ಆದಾಯವನ್ನು ಬಿಸಾಡಿಲ್ಲ, ಆಯುಷ್ಯ ಮತ್ತು ವಿದ್ಯೆಯ ಪಕ್ಕದಲ್ಲಿ ಕೂರಿಸಿದೆ.

ಅಂಕಿ ಹುಡುಕುವಾಗ ಆಗುವ ತಪ್ಪುಗಳ ಬಗ್ಗೆ ಸ್ವಲ್ಪ. ಹೆಚ್ಚಿನವರು ಮಾಡುವುದು ಒಂದು ಕಡೆಯಿಂದ ಜಿಡಿಪಿ, ಇನ್ನೊಂದು ಕಡೆಯಿಂದ ಜನಸಂಖ್ಯೆ ತಂದು ಭಾಗಿಸುವುದು. ಭಾರತದಲ್ಲಿ 2011ರ ಮೇಲೆ ಜನಗಣತಿಯ ಎಣಿಕೆ ಹೊರಬಂದಿಲ್ಲ, ಇರುವುದೆಲ್ಲ ಅಂದಾಜು. ನಮ್ಮ ರಾಷ್ಟ್ರೀಯ ಲೆಕ್ಕಪತ್ರಗಳು 2023–24ಕ್ಕೆ 139 ಕೋಟಿಯ ಸುಮಾರು ಇಟ್ಟುಕೊಂಡರೆ ವಿಶ್ವಸಂಸ್ಥೆ 143 ಕೋಟಿಯ ಸುಮಾರು ಹೇಳುತ್ತದೆ. ಅಷ್ಟರಿಂದಲೇ ತಲಾ ಆದಾಯ ಶೇ 3ರಷ್ಟು ಆಚೀಚೆ ಆಗುತ್ತದೆ, ಒಂದು ವರ್ಷದ ಬೆಳವಣಿಗೆಯೇ ಅದರಲ್ಲಿ ಕೊಚ್ಚಿಹೋಗಬಹುದು. ಆದ್ದರಿಂದ ಬೋರ್ಡಿನ ಭಾಗಾಕಾರ ತೋರಿಸಲಿಕ್ಕಷ್ಟೇ ಇರಲಿ. ಉದ್ಧರಿಸುವ ಅಂಕಿಯನ್ನು ಒಂದೇ ಮೂಲದಿಂದ, ಒಂದೇ ವರ್ಷದ್ದನ್ನು ತೆಗೆದುಕೊಳ್ಳಿ. ನಮ್ಮ ಆರ್ಥಿಕ ವರ್ಷ ಏಪ್ರಿಲಿನಿಂದ, ಅದಕ್ಕೆ ಜನಸಂಖ್ಯೆಯನ್ನು ಅಕ್ಟೋಬರ್ 1ಕ್ಕೆ ಹಿಡಿಯುತ್ತಾರೆ. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ವರ್ಷ, ನಡುವರ್ಷದ ಜನಸಂಖ್ಯೆ ಎರಡೂ ಅವರೇ ಹೊಂದಿಸಿರುತ್ತಾರೆ. ಐದು ವರ್ಷ ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸುವುದಾದರೆ ಸ್ಥಿರ ಬೆಲೆಯ ಅಂಕಿ ಬೇಕು, ಇಲ್ಲದಿದ್ದರೆ ಅಕ್ಕಿಯ ಬೆಲೆ ಏರಿದ್ದನ್ನೂ ಆದಾಯ ಏರಿತು ಎಂದು ಓದಿದಂತಾಗುತ್ತದೆ.

ಸಮಯದ ಹಂಚಿಕೆ: ಭಾರತ–ಬ್ರಿಟನ್ ಲೆಕ್ಕಕ್ಕೆ ಎರಡು ನಿಮಿಷ, ನವರೋಜಿಗೆ ಎರಡು, ಗಲ್ಫ್ ಮತ್ತು ತಲಪಾಡಿಗೆ ಮೂರು, ಬೆಲೆಗೆ ಒಂದೂವರೆ, ಸರಾಸರಿಯ ಮಿತಿಗೆ ಒಂದೂವರೆ. ಐರ್ಲೆಂಡ್, ಶೇ 3.5ರ ಲೆಕ್ಕ, ಚೀನಾ ಇವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ. ‘ಜಿಡಿಪಿಯಲ್ಲಿ ನಾವು ಮೂರನೇ ಸ್ಥಾನಕ್ಕೆ ಬಂದರೆ ಆಗ?’ ಎಂದು ಯಾರಾದರೂ ಕೇಳಿದರೆ, ಪಿಪಿಪಿ ಲೆಕ್ಕದಲ್ಲಿ ಒಟ್ಟು ಉತ್ಪನ್ನದಲ್ಲಿ ಭಾರತ ಈಗಾಗಲೇ ಮೂರನೇ ಸ್ಥಾನದಲ್ಲಿದೆ ಎಂದು ಹೇಳಿ, ಬೋರ್ಡಿನಲ್ಲಿ ಗೆರೆಯ ಕೆಳಗಿರುವ 143 ಕೋಟಿಯ ಕಡೆ ಕೈ ತೋರಿಸಿ.